ನೆಲಮಹಡಿಯಲ್ಲೇ ಮಲಗುವ ಕೋಣೆ ಬೇಕು

ಕುವೆಂಪುನಗರ, ಮೈಸೂರು
12 ಆಗಸ್ಟ್ 2025

ಶ್ರೀಮತಿ ಸುಧಾ ಅವರಿಗೆ, ನಮಸ್ಕಾರಗಳು.

ನೀವು ಕಳಿಸಿದ ನಮ್ಮ ಹೊಸ ಮನೆಯ ಪ್ಲಾನನ್ನು ನಾನೂ ನನ್ನ ಹೆಂಡತಿ ಲಲಿತಳೂ ನಾಲ್ಕು ದಿನ ಮೇಜಿನ ಮೇಲೆ ಹರಡಿಕೊಂಡು ನೋಡಿದೆವು. ಅಡುಗೆಮನೆಗೆ ಬೆಳಗಿನ ಬಿಸಿಲು ಬೀಳುವ ಹಾಗೆ ಮಾಡಿದ್ದು ಅವಳಿಗೆ ತುಂಬ ಹಿಡಿಸಿದೆ. ಆದರೆ ಮಲಗುವ ಕೋಣೆಗಳೆರಡೂ ಮೇಲಿನ ಮಹಡಿಯಲ್ಲಿವೆ. ಮೊದಲ ಸಲ ಮಾತಾಡಿದಾಗ ನಾನೇ ಇದನ್ನು ಬಿಡಿಸಿ ಹೇಳಬೇಕಿತ್ತು, ಹೇಳಲಿಲ್ಲ.

ನನಗೆ 76, ಅವಳಿಗೆ 71. ಹೋದ ವರ್ಷ ಅವಳ ಎಡಮಂಡಿಗೆ ಆಪರೇಷನ್ ಆಯಿತು. ಈಗಿರುವ ಬಾಡಿಗೆ ಮನೆಯಲ್ಲಿ ಬಚ್ಚಲು ರೂಮಿಗಿಂತ ನಾಲ್ಕು ಇಂಚು ಕೆಳಗಿದೆ. ಕಳೆದ ತಿಂಗಳು ರಾತ್ರಿ ಎದ್ದು ಹೋದವಳು ಅಲ್ಲೇ ಎಡವಿ ಬಿದ್ದಳು. ಬಾಗಿಲು ಒಳಗಡೆಗೆ ತೆರೆಯುವಂಥದ್ದು. ಅವಳು ಅದಕ್ಕೇ ಒರಗಿ ಬಿದ್ದಿದ್ದರಿಂದ ನನಗೆ ತಳ್ಳಲೂ ಆಗಲಿಲ್ಲ. ಪಕ್ಕದ ಮನೆ ಹುಡುಗ ಬರುವ ತನಕ ಹೊರಗೆ ನಿಂತು ಅವಳನ್ನು ಮಾತಾಡಿಸುತ್ತಾ ಇದ್ದೆ, ಅಷ್ಟೇ ನನ್ನ ಕೈಲಾಗಿದ್ದು. ಮೂಳೆ ಮುರಿಯಲಿಲ್ಲ, ದೇವರು ದೊಡ್ಡವನು.

ಹಾಗಾಗಿ ಕೆಳಗೆ ನೀವು ಆಫೀಸ್ ರೂಮೆಂದು ತೋರಿಸಿರುವುದನ್ನೇ ನಮ್ಮ ಮಲಗುವ ಕೋಣೆ ಮಾಡಿಕೊಡಿ. 8x10 ಸಾಲದು, ಹಾಲ್‌ನಿಂದ ಮೂರು ಅಡಿ ತೆಗೆದುಕೊಳ್ಳಿ. ಹಾಲ್ ಚಿಕ್ಕದಾದರೆ ಆಗಲಿ, ನಮ್ಮ ಮನೆಗೆ ಬರುವವರು ಎಷ್ಟು ಜನ!

ಅದಕ್ಕೆ ಅಂಟಿದ ಬಾತ್‌ರೂಮಿನ ವಿಷಯದಲ್ಲಿ ಮಾತ್ರ ನಾನು ಹಟ ಹಿಡಿಯುತ್ತೇನೆ. ರೂಮಿನ ನೆಲವೂ ಬಾತ್‌ರೂಮಿನ ನೆಲವೂ ಒಂದೇ ಮಟ್ಟದಲ್ಲಿರಬೇಕು, ನಡುವೆ ಕಟ್ಟೆ ಬೇಡ. ನೀರು ರೂಮಿಗೆ ಬರುತ್ತದೆ ಎಂದು ಮೇಸ್ತ್ರಿ ತಕರಾರು ತೆಗೆಯಬಹುದು. ಬಾತ್‌ರೂಮಿನ ಟೈಲ್ಸ್ ಕೆಳಗಿನ ಮಟ್ಟವನ್ನು ಈಗಲೇ ಇಳಿಸಿಕೊಂಡು, ಸ್ನಾನದ ಮೂಲೆಗೆ ಇಳಿಜಾರು ಕೊಟ್ಟು, ಅಲ್ಲಿ ಉದ್ದನೆಯ ಜಾಲರಿ ಹಾಕಿದರೆ ಬರುವುದಿಲ್ಲ. ಟೈಲ್ಸ್ ಹಾಸಿದ ಮೇಲೆ ಇದು ಯಾರಿಂದಲೂ ಆಗದ ಕೆಲಸ, ಅದಕ್ಕೇ ಇಷ್ಟು ಅವಸರದಿಂದ ಬರೆಯುತ್ತಿದ್ದೇನೆ. ಬಾಗಿಲು ಹೊರಗಡೆಗೆ ತೆರೆಯಲಿ ಅಥವಾ ಸರಿಯುವಂಥದ್ದಿರಲಿ, ಚೌಕಟ್ಟಿನೊಳಗೆ ಪೂರ್ತಿ ಮೂರು ಅಡಿ ಜಾಗ ಸಿಗಬೇಕು. ಮುಂದೆ ಗಾಲಿಕುರ್ಚಿ ಬಂದರೆ ಒಳಗೆ ತಿರುಗಿಸಲು ಐದು ಅಡಿ ಬೇಕು. ಕಮೋಡಿನ ಪಕ್ಕದ ಗೋಡೆ ಗಟ್ಟಿಯಾಗಿರಲಿ, ಹಿಡಿಕೆಯ ಮೇಲೆ ಇಡೀ ಮೈಭಾರ ಬೀಳುತ್ತದೆ. ಲಲಿತ ಬಕೆಟ್ ಬಿಡುವವಳಲ್ಲ. ಕೂತು ಸ್ನಾನ ಮಾಡಲು 18 ಇಂಚು ಎತ್ತರದ ಕಲ್ಲುಕಟ್ಟೆಯೊಂದಿರಲಿ. ಟೈಲ್ಸ್ ನುಣುಪಿನದ್ದು ಬೇಡ.

ಮುಂಬಾಗಿಲಿನ ಹೊಸ್ತಿಲು ಮಾತ್ರ ಇರಲೇಬೇಕಂತೆ. ಶುಕ್ರವಾರ ಅರಿಸಿನ ಕುಂಕುಮ ಇಡುವುದಕ್ಕೆ ಮರದ ಹೊಸ್ತಿಲಿಲ್ಲದ ಮನೆಗೆ ಕಾಲಿಡುವುದಿಲ್ಲ ಎನ್ನುತ್ತಾಳೆ. ಅರ್ಧ ಇಂಚಿಗಿಂತ ಮೇಲೇಳದ ಹಾಗೆ ಕೂರಿಸಲು ಸಾಧ್ಯವೇ ನೋಡಿ. ಮನೆಯ ಪ್ಲಿಂತ್ ಹೊರಗಿನ ನೆಲಕ್ಕಿಂತ ಒಂದೂವರೆ ಅಡಿ ಎತ್ತರ ಎಂದಿದ್ದೀರಿ. ಅಡಿಗೆ ಒಂದಿಂಚು ಏರಿದರೆ 18 ಅಡಿ ರ‍್ಯಾಂಪ್ ಆಗುತ್ತದೆ. ಪಕ್ಕದ ಓಣಿಯಲ್ಲಿ ಹಿಡಿಸೀತೆ?

ಮೇಲಿನ ಎರಡು ರೂಮು ಹಾಗೇ ಇರಲಿ, ಮಗ ಸೊಸೆ ಮೊಮ್ಮಕ್ಕಳು ಬಂದಾಗ ಬೇಕು. ಖರ್ಚು ಹೆಚ್ಚಾದರೆ ಮೇಲಿನ ಬಾಲ್ಕನಿ ಬಿಟ್ಟುಬಿಡಿ.

ಶನಿವಾರ ಬೆಳಿಗ್ಗೆ ಹತ್ತಕ್ಕೆ ಸೈಟಿನ ಹತ್ತಿರ ಬರುತ್ತೀರಾ? ಲಲಿತಳನ್ನೂ ಕರೆತರುತ್ತೇನೆ. ಅವಳು ಹೇಗೆ ಕೂರುತ್ತಾಳೆ, ಏಳುವಾಗ ಕೈ ಎಲ್ಲಿ ಊರುತ್ತಾಳೆ ಎಂದು ನೀವೇ ಕಣ್ಣಾರೆ ನೋಡಿ ಹಿಡಿಕೆಯ ಎತ್ತರ ಗುರುತು ಮಾಡಿಕೊಳ್ಳಿ.

ಇಂತಿ ವಿಶ್ವಾಸದ,
ಶ್ರೀನಿವಾಸಮೂರ್ತಿ