ಯಾವ ಆಟಿಕೆ ಎಷ್ಟು ಡಜನ್? ಉತ್ಪಾದನಾ ಮಿಶ್ರಣದ ಲೆಕ್ಕ, ಗ್ರಾಫ್ ವಿಧಾನದಲ್ಲಿ

ಸ್ಲೈಡ್ 1: ಚನ್ನಪಟ್ಟಣದ ಒಂದು ಘಟಕ, ಒಂದು ವಾರ

ಒಂದು ಸಣ್ಣ ಆಟಿಕೆ ಘಟಕ. ಎರಡೇ ಸಾಮಾನು ಮಾಡುತ್ತಾರೆ: ಮಕ್ಕಳು ಒಂದರ ಮೇಲೊಂದು ಪೇರಿಸುವ ಉಂಗುರ ಗೋಪುರ, ದಾರ ಕಟ್ಟಿ ಎಳೆಯುವ ರೈಲು. ಗೋಪುರದಲ್ಲಿ ಉಂಗುರಗಳೇ ಹೆಚ್ಚು. ಪ್ರತಿ ಉಂಗುರವನ್ನೂ ಆಲೆ ಮರದಿಂದ ಲೇತಿನಲ್ಲಿ ಕಡೆಯಬೇಕು. ಅದು ತಿರುಗುತ್ತಿರುವಾಗಲೇ ಅರಗಿನ ಕಡ್ಡಿ ಒತ್ತಬೇಕು. ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಬಣ್ಣ ಹಿಡಿಯುತ್ತದೆ. ಹಾಗಾಗಿ ಗೋಪುರಕ್ಕೆ ಲೇತಿನ ಹೊತ್ತು ಜಾಸ್ತಿ, ಜೋಡಣೆ ಬೇಗ ಮುಗಿಯುತ್ತದೆ. ರೈಲಿನ ಕಥೆ ಉಲ್ಟಾ. ಚಕ್ರ, ಅಚ್ಚು, ಕೊಂಡಿ ಎಲ್ಲ ಕೂಡಿಸುವಷ್ಟರಲ್ಲಿ ಜೋಡಣೆಯ ಮೇಜಿನಲ್ಲೇ ದಿನ ಕಳೆದುಹೋಗುತ್ತದೆ.

ಒಂದು ಡಜನ್‌ಗೆ ಹಿಡಿಯುವ ಲೆಕ್ಕ:

```
              ಗೋಪುರ   ರೈಲು   ವಾರಕ್ಕೆ ಲಭ್ಯ
ಲೇತ್ (ಗಂಟೆ)     5       4       200
ಜೋಡಣೆ (ಗಂಟೆ)   3       6       192
ಮರ (ಕೆಜಿ)       6      10       420
ಲಾಭ (ರೂ.)      700     900
```

ಲೇತ್ ಐದಿವೆ, ಒಂದೊಂದಕ್ಕೆ 40 ಗಂಟೆ. ಜೋಡಣೆಗೆ ನಾಲ್ವರಿದ್ದಾರೆ, ತಲಾ 48 ಗಂಟೆ. ಅಂಗಡಿಯವರು ವಾರಕ್ಕೆ 26 ಡಜನ್‌ಗಿಂತ ಹೆಚ್ಚು ರೈಲು ತೆಗೆದುಕೊಳ್ಳುವುದಿಲ್ಲ. ಇಲ್ಲಿ ಲಾಭವೆಂದರೆ ಮಾರಾಟದ ಬೆಲೆಯಲ್ಲಿ ಮರ, ಅರಗು, ಬಣ್ಣದ ಖರ್ಚು ಕಳೆದು ಉಳಿದದ್ದು. ಕೆಲಸಗಾರರ ವಾರದ ಸಂಬಳ ಯಾವುದು ಮಾಡಿದರೂ ಅಷ್ಟೇ, ಅದಕ್ಕೇ ಅದನ್ನು ಇಲ್ಲಿ ತಂದಿಲ್ಲ. ಈ ಮಾತು ನೆನಪಿರಲಿ, ಸ್ಲೈಡ್ 8ರಲ್ಲಿ ಬೇಕಾಗುತ್ತದೆ.

ಸ್ಲೈಡ್ 2: ಲೆಕ್ಕಕ್ಕಿಂತ ಮೊದಲು ನಿಮ್ಮ ಊಹೆ

ಪೆನ್ಸಿಲ್ ಕೆಳಗಿಡಿ. ನೀವೇ ಮಾಲೀಕರಾಗಿದ್ದರೆ ಏನು ಮಾಡುತ್ತಿದ್ದಿರಿ?

ಹೆಚ್ಚಿನವರ ಉತ್ತರ ಇದು: ರೈಲಿಗೆ 900 ರೂಪಾಯಿ ಸಿಗುತ್ತದೆ, ಆದ್ದರಿಂದ ಮೊದಲು ರೈಲನ್ನೇ ಪೂರ್ತಿ 26 ಡಜನ್ ಮಾಡೋಣ, ಉಳಿದ ಹೊತ್ತಿನಲ್ಲಿ ಗೋಪುರ. ಮಾಡಿ ನೋಡಿ. 26 ಡಜನ್ ರೈಲಿಗೆ ಜೋಡಣೆಯ 156 ಗಂಟೆ ಹೋಯಿತು, ಉಳಿದದ್ದು 36. ಅದರಲ್ಲಿ 12 ಡಜನ್ ಗೋಪುರ. ಲಾಭ 31,800 ರೂ.

ಈ ಅಂಕಿಯನ್ನು ನೋಟ್‌ಬುಕ್ಕಿನ ಅಂಚಿನಲ್ಲಿ ಬರೆದಿಡಿ. ಇದನ್ನು ಮೀರಿಸುವುದೇ ಇವತ್ತಿನ ಕೆಲಸ.

ಸ್ಲೈಡ್ 3: ಮಾತನ್ನು ಸಮೀಕರಣಕ್ಕೆ ಇಳಿಸುವುದು

x = ವಾರಕ್ಕೆ ಮಾಡುವ ಗೋಪುರ (ಡಜನ್), y = ವಾರಕ್ಕೆ ಮಾಡುವ ರೈಲು (ಡಜನ್), Z = ವಾರದ ಒಟ್ಟು ಲಾಭ, ರೂಪಾಯಿಯಲ್ಲಿ.

```
Max Z = 700x + 900y
5x + 4y  <= 200
3x + 6y  <= 192
6x + 10y <= 420
y <= 26
x, y >= 0
```

ಪರೀಕ್ಷೆಯಲ್ಲಿ "x = ಗೋಪುರ" ಎಂದಷ್ಟೇ ಬರೆದು ಮುಂದೆ ಹೋಗಬೇಡಿ. ಬಿಡಿ ಗೋಪುರವೋ ಡಜನ್ನೋ, ದಿನಕ್ಕೋ ವಾರಕ್ಕೋ? ನಾನು ತಿದ್ದುವ ಉತ್ತರಪತ್ರಿಕೆಗಳಲ್ಲಿ ತಪ್ಪು ಶುರುವಾಗುವುದು ಗ್ರಾಫಿನಲ್ಲಲ್ಲ, ಈ ಮೊದಲ ಸಾಲಿನಲ್ಲಿ.

ಸ್ಲೈಡ್ 4: ಗೆರೆ ಎಳೆಯುವುದು

ಗ್ರಾಫ್ ಹಾಳೆಯಲ್ಲಿ 1 ಸೆಂ.ಮೀ.ಗೆ 5 ಡಜನ್ ಎಂದು ಇಟ್ಟುಕೊಳ್ಳಿ. ಒಂದು ಗೆರೆಗೆ ಎರಡು ಬಿಂದು ಸಾಕು. x ಸೊನ್ನೆ ಮಾಡಿ ಒಂದು, y ಸೊನ್ನೆ ಮಾಡಿ ಇನ್ನೊಂದು.

ಲೇತ್ ಗೆರೆ: (40, 0) ಮತ್ತು (0, 50).
ಜೋಡಣೆ ಗೆರೆ: (64, 0) ಮತ್ತು (0, 32).
ಮರದ ಗೆರೆ: (70, 0) ಮತ್ತು (0, 42).
ಬೇಡಿಕೆ ಗೆರೆ: y = 26, ಅಡ್ಡಲಾಗಿ.

ಗೆರೆಯ ಯಾವ ಪಕ್ಕ ನಮ್ಮದು? (0, 0) ಹಾಕಿ ನೋಡಿ. 5(0) + 4(0) = 0, ಇದು 200ಕ್ಕಿಂತ ಕಡಿಮೆ. ನಿಬಂಧನೆ ನಿಜವಾಯಿತು, ಆದ್ದರಿಂದ ಮೂಲಬಿಂದು ಇರುವ ಪಕ್ಕವೇ ನಮ್ಮದು. ಉಳಿದ ಮೂರಕ್ಕೂ ಹೀಗೆಯೇ. ಬೇಡದ ಪಕ್ಕಕ್ಕೆ ಗೀಟು ಹಾಕಿ, ಬೇಕಾದ ಪಕ್ಕವನ್ನು ಬಿಳಿಯಾಗಿಯೇ ಬಿಡಿ. ನಾಲ್ಕು ನಿರ್ಬಂಧಗಳ ಗೀಟು ಒಂದರ ಮೇಲೊಂದು ಬಿದ್ದ ಮೇಲೂ ನಮಗೆ ಬೇಕಾದ ಜಾಗ ಚೊಕ್ಕವಾಗಿ ಕಾಣುತ್ತದೆ. ಈ ಬಿಳಿ ಜಾಗವೇ ಸಾಧ್ಯ ಪ್ರದೇಶ.

ಈಗ ಮರದ ಗೆರೆಯನ್ನು ಗಮನಿಸಿ. ಅದು ಎರಡೂ ಅಕ್ಷಗಳ ಮೇಲೆ ಜೋಡಣೆಯ ಗೆರೆಗಿಂತ ಆಚೆ ಬಿದ್ದಿದೆ, ಸಾಧ್ಯ ಪ್ರದೇಶವನ್ನು ಎಲ್ಲೂ ಮುಟ್ಟುವುದೇ ಇಲ್ಲ. ಜೋಡಣೆಗೆ ಹೊತ್ತು ಸಾಕಾಗುವ ಯಾವ ಯೋಜನೆಗೂ ಮರ ಸಾಕಾಗಿಯೇ ಸಾಕಾಗುತ್ತದೆ. ಇಂಥದ್ದಕ್ಕೆ ಅನಗತ್ಯ ನಿರ್ಬಂಧ ಎನ್ನುತ್ತಾರೆ. ಹಾಗಂತ ಅದನ್ನು ಬರೆಯುವಾಗಲೇ ಬಿಡುವಂತಿಲ್ಲ. ಅನಗತ್ಯ ಅಂತ ತಿಳಿದದ್ದೇ ಗೆರೆ ಎಳೆದ ಮೇಲೆ.

ಸ್ಲೈಡ್ 5: ಮೂಲೆಗಳು

ಸಾಧ್ಯ ಪ್ರದೇಶಕ್ಕೆ ಐದು ಮೂಲೆ: O, A, B, C, D. ಅಕ್ಷದ ಮೇಲಿನವು ನೋಡಿದರೆ ಸಿಗುತ್ತವೆ. ಗೆರೆಗಳು ಕೂಡುವ ಮೂಲೆಯನ್ನು ಮಾತ್ರ ಗ್ರಾಫಿನಿಂದ ಕಣ್ಣಂದಾಜಿನಲ್ಲಿ ಓದಬೇಡಿ, ಬಿಡಿಸಿ ತೆಗೆಯಿರಿ. ಪೆನ್ಸಿಲ್ ಮೊನೆ ಒಂದು ಮಿಲಿಮೀಟರ್ ಸರಿದರೆ ಇಲ್ಲಿ ಅರ್ಧ ಡಜನ್ ವ್ಯತ್ಯಾಸ.

ಲೇತ್ ಮತ್ತು ಜೋಡಣೆ ಗೆರೆ ಕೂಡುವ B:

```
3x + 6y = 192  ->  x = 64 - 2y
5(64 - 2y) + 4y = 200
320 - 6y = 200
y = 20,  x = 24
```

ಜೋಡಣೆ ಮತ್ತು ಬೇಡಿಕೆ ಗೆರೆ ಕೂಡುವ C: y = 26 ಹಾಕಿದರೆ 3x = 36, x = 12.

```
ಮೂಲೆ      x    y    Z (ರೂ.)
O         0    0         0
A        40    0    28,000
B        24   20    34,800
C        12   26    31,800
D         0   26    23,400
```

B ಗೆದ್ದಿತು. ವಾರಕ್ಕೆ 24 ಡಜನ್ ಗೋಪುರ, 20 ಡಜನ್ ರೈಲು, ಲಾಭ 34,800 ರೂ. ನಿಮ್ಮ ಅಂಚಿನಲ್ಲಿರುವ 31,800 ಈ ಪಟ್ಟಿಯಲ್ಲಿ C ಆಗಿ ಕೂತಿದೆ. ಊಹೆಯ ಯೋಜನೆಯೂ ಒಂದು ಮೂಲೆಯೇ, ಆದರೆ ಪಕ್ಕದ ಮೂಲೆ.

ಸ್ಲೈಡ್ 6: ಮೂಲೆಗಳನ್ನಷ್ಟೇ ನೋಡಿದರೆ ಸಾಕೇ?

ಸಾಕು. ಯಾಕೆ ಎಂಬುದು ಕಣ್ಣಿಗೆ ಕಾಣಬೇಕು, ಬಾಯಿಪಾಠ ಬೇಡ.

Z = 12,600 ಇಟ್ಟು ಗೆರೆ ಎಳೆಯಿರಿ: (18, 0) ಮತ್ತು (0, 14). ಈ ಗೆರೆಯ ಮೇಲಿನ ಯಾವ ಬಿಂದು ಹಿಡಿದರೂ ಲಾಭ ಅಷ್ಟೇ. ಈಗ Z = 25,200: (36, 0) ಮತ್ತು (0, 28). ಅದೇ ಓರೆ, ಇನ್ನಷ್ಟು ಆಚೆ. ಸ್ಕೇಲನ್ನು ಈ ಗೆರೆಯ ಮೇಲಿಡಿ. ಓರೆ ಕೆಡದಂತೆ ಮೂಲಬಿಂದುವಿನಿಂದ ಮೆಲ್ಲಗೆ ಹೊರಕ್ಕೆ ಜಾರಿಸಿ. ಬಿಳಿ ಜಾಗ ಕಿರಿದಾಗುತ್ತಾ ಹೋಗಿ ಸ್ಕೇಲು ಕೊನೆಯದಾಗಿ ಮುಟ್ಟುವುದು B ಎಂಬ ಒಂದೇ ಚುಕ್ಕಿಯನ್ನು. ಎಲ್ಲ ಅಂಚೂ ನೇರವಾಗಿ, ಎಲ್ಲೂ ಒಳಕ್ಕೆ ತಗ್ಗಿಲ್ಲದ ಆಕೃತಿಯನ್ನು ನೇರ ಗೆರೆಯೊಂದು ಬಿಟ್ಟುಹೋಗುವುದು ಮೂಲೆಯಲ್ಲೇ, ಇಲ್ಲವೇ ಒಂದು ಇಡೀ ಅಂಚಿನ ಉದ್ದಕ್ಕೂ. ನಡುವಿನಿಂದ ಬಿಟ್ಟುಹೋಗಲು ದಾರಿಯೇ ಇಲ್ಲ.

ಇದನ್ನು ದಯವಿಟ್ಟು ಕೈಯಾರೆ ಮಾಡಿ ನೋಡಿ. ಸ್ಕೇಲ್ ಜಾರಿಸಿ ನೋಡಿದವರಿಗೆ ಮುಂದೆ ಸಿಂಪ್ಲೆಕ್ಸ್ ಕೋಷ್ಟಕ ಬಂದಾಗ ಅದು ಏನು ಮಾಡುತ್ತಿದೆ ಎಂದು ಗೊತ್ತಿರುತ್ತದೆ: ಒಂದು ಮೂಲೆಯಿಂದ ಪಕ್ಕದ ಮೂಲೆಗೆ ನಡೆಯುತ್ತಿದೆ.

ಸ್ಲೈಡ್ 7: ಏನು ಉಳಿಯಿತು, ಏನು ಮುಗಿಯಿತು

B ಬಿಂದುವಿನಲ್ಲಿ ಲೇತ್ 120 + 80 = 200, ಪೂರ್ತಿ ಖಾಲಿ. ಜೋಡಣೆ 72 + 120 = 192, ಪೂರ್ತಿ ಖಾಲಿ. ಮರ 344 ಕೆಜಿ ಹೋಗಿ 76 ಕೆಜಿ ಉಳಿಯಿತು. ರೈಲಿನ ಬೇಡಿಕೆಯಲ್ಲಿ ಇನ್ನೂ 6 ಡಜನ್ ಬಾಕಿ.

ಬೇಡಿಕೆ ಇದ್ದರೂ, 900 ರೂಪಾಯಿ ಲಾಭವಿದ್ದರೂ ಆ 6 ಡಜನ್ ರೈಲು ಮಾಡದಿರುವುದೇ ಸರಿ. ಇದು ಮಾಲೀಕರಿಗೆ ನುಂಗಲು ಕಷ್ಟ.

ಸ್ಲೈಡ್ 8: ಒಂದು ಗಂಟೆಯ ಬೆಲೆ

ಲೇತಿಗೆ ಇನ್ನೂ 18 ಗಂಟೆ ಸಿಕ್ಕಿತು ಎನ್ನಿ. 5x + 4y = 218 ಎಂದು ಮತ್ತೆ ಬಿಡಿಸಿದರೆ x = 30, y = 17, ಲಾಭ 36,300. ಏರಿದ್ದು 1,500. ಗಂಟೆಗೆ 83 ರೂಪಾಯಿ 33 ಪೈಸೆ.

ಅದರ ಬದಲು ಜೋಡಣೆಗೆ 18 ಗಂಟೆ ಸಿಕ್ಕಿದರೆ? 3x + 6y = 210. x = 20, y = 25, ಲಾಭ 36,500. ಏರಿದ್ದು 1,700. ಗಂಟೆಗೆ 94 ರೂಪಾಯಿ 44 ಪೈಸೆ.

ಇದೇ ಶ್ಯಾಡೋ ಪ್ರೈಸ್. ಸಂಬಳವನ್ನು ನಾವು ಲಾಭದಿಂದ ಕಳೆದಿರಲಿಲ್ಲ. ಆದ್ದರಿಂದ ಜೋಡಣೆಯವರಿಗೆ ಓವರ್‌ಟೈಮ್ ಗಂಟೆಗೆ 94 ರೂಪಾಯಿವರೆಗೆ ಕೊಟ್ಟರೂ ನಷ್ಟವಿಲ್ಲ, ಅದರ ಮೇಲೆ ಕೊಟ್ಟರೆ ನಷ್ಟ. ಮರದ ಶ್ಯಾಡೋ ಪ್ರೈಸ್ ಸೊನ್ನೆ. 76 ಕೆಜಿ ಬಿದ್ದಿರುವಾಗ ಇನ್ನೊಂದು ಕೆಜಿ ತಂದು ಏನು ಮಾಡುವುದು?

ಈಗ ಊಹೆಯ ಯೋಜನೆಗೆ ವಾಪಸ್ ಬನ್ನಿ. C ಬಿಂದುವಿನಲ್ಲಿ ಲೇತ್ ಓಡಿದ್ದು 60 + 104 = 164 ಗಂಟೆ. 36 ಗಂಟೆ ಸುಮ್ಮನೆ ನಿಂತಿತ್ತು. 36ನ್ನು 83.33ರಿಂದ ಗುಣಿಸಿ: 3,000. ಎರಡು ಯೋಜನೆಗಳ ಲಾಭದ ವ್ಯತ್ಯಾಸವೂ 34,800 − 31,800 = 3,000. ರೈಲಿನ 900 ರೂಪಾಯಿಯ ಮೇಲೆ ಕಣ್ಣಿಟ್ಟವರಿಗೆ ಕಾಣದೆ ಹೋದ ಹಣ ನಿಂತ ಲೇತಿನಲ್ಲಿತ್ತು.

ಸ್ಲೈಡ್ 9: ಲಾಭ ಬದಲಾದರೆ

ಸ್ಲೈಡ್ 6ರಲ್ಲಿ ಜಾರಿಸಿದ ಲಾಭದ ಗೆರೆಯ ಓರೆ 700/900, ಅಂದರೆ 0.78. ಲೇತ್ ಗೆರೆಯದು 1.25, ಜೋಡಣೆಯದು 0.5. ಈ ಎರಡರ ನಡುವೆ ಇರುವವರೆಗೂ B ಕದಲುವುದಿಲ್ಲ. ರೈಲಿನ ಲಾಭ 900ರಲ್ಲೇ ನಿಂತರೆ ಗೋಪುರದ ಲಾಭ 450ರಿಂದ 1,125ರವರೆಗೆ ಎಲ್ಲಿದ್ದರೂ ಅದೇ 24 ಮತ್ತು 20. ಅರಗಿನ ಬೆಲೆ ಸ್ವಲ್ಪ ಏರಿತೆಂದು ಯೋಜನೆ ಬದಲಿಸಬೇಕಿಲ್ಲ.

ಸ್ಲೈಡ್ 10: ಮೂರನೆಯ ಆಟಿಕೆ ಬಂದರೆ

ಹಾಳೆಗೆ ಎರಡೇ ಅಕ್ಷ. ಬುಗುರಿಯೂ ಸೇರಿದರೆ ಮೂರು ಆಯಾಮ, ನಾಲ್ಕನೆಯದು ಬಂದರೆ ಚಿತ್ರವೇ ಇಲ್ಲ. ಅಲ್ಲಿಂದ ಮುಂದಕ್ಕೆ 1947ರಲ್ಲಿ ಜಾರ್ಜ್ ಡಾಂಟ್ಜಿಗ್ ರೂಪಿಸಿದ ಸಿಂಪ್ಲೆಕ್ಸ್ ವಿಧಾನ. ಅದಕ್ಕೂ ಮೊದಲೇ, 1939ರಲ್ಲಿ, ಸೋವಿಯತ್ ಗಣಿತಜ್ಞ ಲಿಯೊನಿಡ್ ಕಾಂಟೊರೊವಿಚ್ ಇಂಥ ಲೆಕ್ಕಗಳ ಬಗ್ಗೆ ಬರೆದಿದ್ದರು. ಅವರ ಮುಂದೆ ಬಂದ ಮೊದಲ ಪ್ರಶ್ನೆಯೂ ಮರದ್ದೇ: ಪ್ಲೈವುಡ್ ತಯಾರಿಕೆಯಲ್ಲಿ ಯಾವ ಯಂತ್ರಕ್ಕೆ ಯಾವ ಮರ ಎಷ್ಟು ಕೊಡಬೇಕು ಎಂಬುದು. 1975ರ ಅರ್ಥಶಾಸ್ತ್ರದ ನೊಬೆಲ್ ಅವರಿಗೂ ಟ್ಯಾಲಿಂಗ್ ಕೂಪ್‌ಮನ್ಸ್ ಅವರಿಗೂ ಬಂತು.

ಸ್ಲೈಡ್ 11: ಮನೆಗೆ ಎರಡು ಲೆಕ್ಕ

ಒಂದು: ರೈಲಿನ ಲಾಭ 1,400 ಆಯಿತು ಎನ್ನಿ, ಉಳಿದದ್ದು ಹಾಗೇ ಇರಲಿ. B ಮತ್ತು C ಎರಡರಲ್ಲೂ Z = 44,800 ಬರುತ್ತದೆ. (18, 23)ರಲ್ಲಿ ಎಷ್ಟು ಬರುತ್ತದೆ ನೋಡಿ, ಸ್ಕೇಲ್ ಜಾರಿಸಿ ಕಾರಣ ಹೇಳಿ.

ಎರಡು: ಕರೆಂಟ್ ಕೈಕೊಟ್ಟು ಆ ವಾರ ಲೇತಿಗೆ ಸಿಕ್ಕಿದ್ದು 164 ಗಂಟೆ ಮಾತ್ರ. ಹೊಸ ಗೆರೆ ಎಳೆಯಿರಿ. ಒಂದೇ ಬಿಂದುವಿನಲ್ಲಿ ಎಷ್ಟು ಗೆರೆಗಳು ಕೂಡುತ್ತವೆ ಎಂದು ಎಣಿಸಿ, ಗ್ರಾಫ್ ಹಾಳೆಯನ್ನು ಮುಂದಿನ ತರಗತಿಗೆ ತನ್ನಿ.