ಈ ವಾರದ ಇಮೇಲ್ ಲೆಕ್ಕ: ಆಗಸ್ಟ್ 11ರಿಂದ 17, 2025

ದೊಡ್ಡಣ್ಣ, ಅತ್ತಿಗೆ,

ಮೊದಲು ಮುಖ್ಯ ವಿಷಯ ಹೇಳಿಬಿಡುತ್ತೇನೆ. ಮಂಗಳವಾರದ ಅಷ್ಟಮಿ ಮೇಲ್ ನೋಡಿ 31 ಮಂದಿ ಅನ್‌ಸಬ್‌ಸ್ಕ್ರೈಬ್ ಮಾಡಿದ್ದಾರೆ. ಸಾಮಾನ್ಯವಾಗಿ ಒಂದು ಮೇಲ್‌ಗೆ ಎಂಟೋ ಹತ್ತೋ ಮಂದಿ ಹೋಗುತ್ತಾರೆ. ಈ ಸಲ ಹೋದವರಲ್ಲಿ ನಮ್ಮ ಹಳೇ ಗಿರಾಕಿಗಳೇ ಜಾಸ್ತಿ. ಕಾರಣ ನನಗೆ ಸಿಕ್ಕಿದೆ. ಅದನ್ನು ಈ ವಾರವೇ ಸರಿ ಮಾಡಬೇಕು.

ಮೂರು ಮೇಲ್‌ಗಳ ಲೆಕ್ಕ ಇಲ್ಲಿದೆ. ಶೇಕಡಾ ಎಲ್ಲವನ್ನೂ ತಲುಪಿದ ಮೇಲ್‌ಗಳ ಮೇಲೆ ಹಾಕಿದ್ದೇನೆ, ಕಳಿಸಿದ್ದರ ಮೇಲಲ್ಲ. ಒಬ್ಬರು ನಾಲ್ಕು ಸಲ ತೆರೆದರೂ ಒಂದೇ ಎಂದು ಲೆಕ್ಕ.

| ಮೇಲ್ | ತಲುಪಿದ್ದು | ಓಪನ್ | ಕ್ಲಿಕ್ | ಅನ್‌ಸಬ್‌ಸ್ಕ್ರೈಬ್ |
|---|---|---|---|---|
| ಮಂಗಳವಾರ 12: ಅಷ್ಟಮಿ ಉಂಡೆ, ಚಕ್ಕುಲಿ | 4,128 | 1,733 (42.0%) | 66 (1.6%) | 31 (0.75%) |
| ಗುರುವಾರ 14: ಕಾಫಿಪುಡಿ, ಹಳೇ ಗಿರಾಕಿಗಳಿಗೆ ಮಾತ್ರ | 1,236 | 544 (44.0%) | 89 (7.2%) | 2 (0.16%) |
| ಶನಿವಾರ 16: ಗೌರಿ-ಗಣೇಶ ಮುಂಗಡ ಆರ್ಡರ್ | 4,090 | 1,595 (39.0%) | 143 (3.5%) | 9 (0.22%) |

ಅಣ್ಣ, ನೀವು ಮೊನ್ನೆ ಫೋನಿನಲ್ಲಿ "ಅಷ್ಟಮಿ ಮೇಲ್ 42 ಪರ್ಸೆಂಟ್ ಓಪನ್ ಆಗಿದೆಯಲ್ಲ, ಚೆನ್ನಾಗೇ ಹೋಗಿದೆ" ಅಂದಿರಿ. ಆ 42ನ್ನು ಹಾಗೇ ನಂಬಬೇಡಿ. 2021ರ ಸೆಪ್ಟೆಂಬರ್‌ನಿಂದ ಐಫೋನಿನ ಮೇಲ್ ಆ್ಯಪ್‌ನಲ್ಲಿ ಒಂದು ಖಾಸಗಿತನದ ಸೌಲಭ್ಯ ಇದೆ. ಅದನ್ನು ಆನ್ ಮಾಡಿಕೊಂಡವರ ಮೇಲ್‌ನಲ್ಲಿರುವ ಚಿತ್ರಗಳನ್ನೆಲ್ಲ ಆ್ಯಪಲ್‌ನ ಸರ್ವರ್‌ಗಳೇ ಮೊದಲು ಇಳಿಸಿಕೊಳ್ಳುತ್ತವೆ. ಓಪನ್ ಲೆಕ್ಕ ಹಾಕುವುದೇ ಮೇಲ್‌ನೊಳಗಿನ ಕಣ್ಣಿಗೆ ಕಾಣದ ಒಂದು ಪುಟ್ಟ ಚಿತ್ರದಿಂದ. ಹಾಗಾಗಿ ಗಿರಾಕಿ ಮೇಲ್ ನೋಡದೇ ಇದ್ದರೂ ನಮ್ಮಲ್ಲಿ ಓಪನ್ ಅಂತ ಬೀಳುತ್ತದೆ. ನಮ್ಮ ಪ್ಲಾಟ್‌ಫಾರ್ಮ್ ಇವನ್ನು ಬೇರೆಯಾಗಿ ತೋರಿಸುತ್ತದೆ: 1,733ರಲ್ಲಿ 702. ಅವನ್ನು ತೆಗೆದರೆ ಉಳಿಯುವುದು 1,031, ಅಂದರೆ 25 ಪರ್ಸೆಂಟ್. ಆ 702ರಲ್ಲಿ ನಿಜವಾಗಿ ಓದಿದವರೂ ಇದ್ದೇ ಇರುತ್ತಾರೆ, ಯಾರು ಅಂತ ಬೇರ್ಪಡಿಸಲು ಆಗುವುದಿಲ್ಲ ಅಷ್ಟೇ. ಅದಕ್ಕೇ ನಾನು ಪ್ರತಿ ವಾರ ಕ್ಲಿಕ್ ಮತ್ತು ಆರ್ಡರ್ ನೋಡುತ್ತೇನೆ. ಅಷ್ಟಮಿ ಮೇಲ್‌ನಿಂದ ಬಂದ ಆರ್ಡರ್ ಬರೀ 21. ಕಾಫಿಪುಡಿಯದು ಮೂರರಲ್ಲಿ ಒಂದು ಪಾಲಿಗಿಂತ ಕಡಿಮೆ ಜನರಿಗೆ ಹೋಗಿದ್ದು, ಅದರಿಂದ 48 ಬಂದಿವೆ.

ಈಗ ಆ 31 ಮಂದಿಯ ಕಥೆ. ಭಾನುವಾರ ಕೂತು ಒಬ್ಬೊಬ್ಬರ ಹಳೇ ಆರ್ಡರ್ ತೆಗೆದು ನೋಡಿದೆ. 18 ಮಂದಿ ಕಳೆದ ವರ್ಷ ಅಷ್ಟಮಿಗೆ ನಮ್ಮಲ್ಲೇ ಉಂಡೆ, ಚಕ್ಕುಲಿ, ಅವಲಕ್ಕಿ ತಗೊಂಡವರು. ಬಿಡುವಾಗ ಕಾರಣ ಕೇಳುವ ಪುಟದಲ್ಲಿ 14 ಮಂದಿ ಉತ್ತರ ಕೊಟ್ಟಿದ್ದಾರೆ. ಒಂಬತ್ತು ಮಂದಿ ಒತ್ತಿದ್ದು "ಮೇಲ್ ತುಂಬಾ ಬರುತ್ತದೆ" ಅನ್ನುವುದನ್ನು. ಒಬ್ಬರು ಕೆಳಗಿನ ಜಾಗದಲ್ಲಿ ಕನ್ನಡದಲ್ಲೇ ಬರೆದಿದ್ದಾರೆ: "ನಮ್ಮ ಅಷ್ಟಮಿಗೆ ಇನ್ನೂ ಒಂದು ತಿಂಗಳಿದೆ ಮಾರಾಯ್ರೆ, ಈಗಲೇ ಕೊನೇ ದಿನ ಅಂದ್ರೆ ಹೇಗೆ?"

ಓದಿದ ತಕ್ಷಣ ಹೊಳೆಯಿತು. ಕಳೆದ ವರ್ಷ ಮುಂಬೈಯಲ್ಲೂ ಉಡುಪಿಯಲ್ಲೂ ಅಷ್ಟಮಿ ಆಗಸ್ಟ್ 26ಕ್ಕೇ ಬಂದಿತ್ತು. ಒಂದೇ ಮೇಲ್ ಎಲ್ಲರಿಗೂ ಸಾಕಾಯಿತು. ಈ ವರ್ಷ ಇಲ್ಲಿ ದಹಿ ಹಂಡಿ ಮೊನ್ನೆ ಶನಿವಾರವೇ ಮುಗಿಯಿತು. ಸೌರಮಾನ ಹಿಡಿದವರಿಗೆ, ಉಡುಪಿ ಕಡೆಯವರಿಗೆ, ಅಷ್ಟಮಿ ಇರುವುದು ಸೆಪ್ಟೆಂಬರ್ 14ಕ್ಕೆ. ನಮ್ಮ ಪಟ್ಟಿಯಲ್ಲಿ ಅವರೇ ಅರ್ಧಕ್ಕಿಂತ ಜಾಸ್ತಿ, ಅಲ್ವಾ? ಅವರಿಗೆ ನಾವು ಎಂಟು ದಿನದಲ್ಲಿ ಮೂರು ಅಷ್ಟಮಿ ಮೇಲ್ ಕಳಿಸಿದ್ದೇವೆ. ಮೂರನೆಯದರ ತಲೆಬರಹ "ಇವತ್ತೇ ಕೊನೇ ದಿನ". ಆ ತಲೆಬರಹ ಬರೆದವಳು ನಾನು. ಕ್ಯಾಲೆಂಡರ್ ನೋಡಿದ್ದೆ, ಪಂಚಾಂಗ ನೋಡಿರಲಿಲ್ಲ. ತಪ್ಪು ನನ್ನದೇ.

ಹೋದವರನ್ನು ಮತ್ತೆ ಪಟ್ಟಿಗೆ ಸೇರಿಸುವ ಹಾಗಿಲ್ಲ. ಅತ್ತಿಗೆ, ಪರಿಚಯದವರು ಅಂತ ನೀವು ಕೇಳಿದರೂ ನಾನು ಸೇರಿಸುವುದಿಲ್ಲ. ಅವರೇ ಅಂಗಡಿಗೆ ಬಂದು ಬೇಕು ಅಂದರೆ ಮಾತ್ರ ಸೇರಿಸೋಣ. ಹೋಗುವ ದಾರಿ ಸುಲಭ ಇರುವುದು ನಮಗೂ ಒಳ್ಳೆಯದು. ಬೇಡವಾದ ಮೇಲ್ ನಿಲ್ಲಿಸಲು ಆಗದಿದ್ದರೆ ಜನ ಸ್ಪ್ಯಾಮ್ ಅಂತ ಒತ್ತುತ್ತಾರೆ. ಆಮೇಲೆ ಬೇಕಾದವರ ಇನ್‌ಬಾಕ್ಸಿಗೂ ನಮ್ಮ ಮೇಲ್ ಹೋಗುವುದಿಲ್ಲ. 2024ರ ಫೆಬ್ರವರಿಯಿಂದ ಜಿಮೇಲ್, ದಿನಕ್ಕೆ 5,000ಕ್ಕೆ ಮೇಲೆ ಕಳಿಸುವವರು ಒಂದೇ ಒತ್ತಿಗೆ ಬಿಡುವ ಗುಂಡಿ ಇಡಲೇಬೇಕು, ಸ್ಪ್ಯಾಮ್ ದೂರು 0.3% ಮುಟ್ಟಬಾರದು ಎಂದು ನಿಯಮ ಮಾಡಿದೆ. ನಾವು ಅಷ್ಟು ದೊಡ್ಡವರಲ್ಲ. ಆದರೂ ಗುಂಡಿ ಇಟ್ಟಿದ್ದೇವೆ, ಇರಲಿ. ಮಂಗಳವಾರದ ಮೇಲ್‌ಗೆ 5 ಸ್ಪ್ಯಾಮ್ ದೂರು ಬಂದಿವೆ. ಜಿಮೇಲ್‌ನವರ ದೂರು ಈ ಲೆಕ್ಕದಲ್ಲಿ ಬರುವುದಿಲ್ಲ, ಹಾಗಾಗಿ ನಿಜವಾದ ಸಂಖ್ಯೆ ಇನ್ನೂ ಜಾಸ್ತಿ ಇರಬಹುದು.

ಕಾಫಿಪುಡಿ ಮೇಲ್ ಬಗ್ಗೆ ಒಂದು ಮಾತು. ಪ್ಲಾಟ್‌ಫಾರ್ಮ್ ತೆರೆದರೆ `Unique clicks` ಎದುರು 96 ಕಾಣುತ್ತದೆ, ನಾನು 89 ಬರೆದಿದ್ದೇನೆ. ಏಳು ವಿಳಾಸಗಳಿಂದ ಮೇಲ್ ತಲುಪಿದ ಎರಡು ಸೆಕೆಂಡಿನೊಳಗೆ ಎಲ್ಲ ಲಿಂಕ್‌ಗಳೂ ಒತ್ತಿದ ಹಾಗೆ ತೋರಿಸುತ್ತಿತ್ತು. ಏಳೂ ಆಫೀಸಿನ ವಿಳಾಸಗಳು. ಅಲ್ಲಿನ ಭದ್ರತೆಯ ಸಾಫ್ಟ್‌ವೇರ್ ಲಿಂಕ್ ಪರೀಕ್ಷೆ ಮಾಡಿದ್ದು ಅದು. ಅವನ್ನು ತೆಗೆದೆ. ಉಳಿದದ್ದರಲ್ಲಿ ಅರ್ಧದಷ್ಟು ಕ್ಲಿಕ್ "ಹೋದ ಸಲದ್ದೇ ಮತ್ತೆ ಕಳಿಸಿ" ಗುಂಡಿಯ ಮೇಲೇ ಬಿದ್ದಿವೆ. ಆ ಗುಂಡಿಯನ್ನು ಚಿತ್ರಕ್ಕಿಂತ ಮೇಲೆ ಇಟ್ಟದ್ದು ಅತ್ತಿಗೆಯ ಸಲಹೆ. ಅದು ಅಲ್ಲೇ ಇರಲಿ.

ಶನಿವಾರದ ಗೌರಿ-ಗಣೇಶ ಮೇಲ್ ಚೆನ್ನಾಗಿ ಹೋಗುತ್ತಿದೆ. ಇಲ್ಲಿಯವರೆಗೆ 37 ಆರ್ಡರ್. ಮಳೆಗೆ ಎಲ್ಲರೂ ಮನೆಯಲ್ಲೇ ಇದ್ದರು, ಅದೂ ಸ್ವಲ್ಪ ಸಹಾಯ ಮಾಡಿರಬೇಕು. ಮೊರದ ಬಾಗಿನದ ಸೆಟ್‌ಗೆ ಅಷ್ಟು ಕ್ಲಿಕ್ ಬಿದ್ದರೂ ಆರ್ಡರ್ ಎರಡೇ. ಪುಟ ತೆರೆದು ನೋಡಿದೆ, ಮೊರದ ಅಳತೆ ಹಾಕಿಲ್ಲ. ಪ್ಯಾಕಿಂಗ್ ಹುಡುಗನಿಗೆ ಹೇಳಿ ಅಳತೆ ತೆಗೆಸಿ ಕಳಿಸಿ, ನಾನು ಇವತ್ತೇ ಹಾಕುತ್ತೇನೆ.

ಮಂಗಳವಾರ 38 ವಿಳಾಸ ಪೂರ್ತಿ ಸತ್ತಿವೆ ಅಂತ ವಾಪಸ್ ಬಂದವು, ತೆಗೆದಿದ್ದೇನೆ. ಜೂನ್‌ನಲ್ಲಿ ಮಾಟುಂಗಾದ ಮಳಿಗೆಯಲ್ಲಿ ಕೈಬರಹದಲ್ಲಿ ಬರೆಸಿಕೊಂಡ ಪುಸ್ತಕದಿಂದ ಬಂದವೇ ಬಹುಪಾಲು. ಇನ್ಮೇಲೆ ಗಿರಾಕಿಯೇ ಫೋನಿನಲ್ಲಿ ಟೈಪ್ ಮಾಡಲಿ.

ಮುಂದಿನ ವಾರಕ್ಕೆ ಹೀಗೆ ಯೋಚಿಸಿದ್ದೇನೆ. ಗೌರಿ ಹಬ್ಬ 26ಕ್ಕೆ, ಚೌತಿ 27ಕ್ಕೆ. ನಾಳೆ ಒಂದು ನೆನಪಿನ ಮೇಲ್, ಆರ್ಡರ್ ಮಾಡಿದವರನ್ನು ಬಿಟ್ಟು ಉಳಿದವರಿಗೆ. ಶುಕ್ರವಾರ 22ಕ್ಕೆ ಆರ್ಡರ್ ನಿಲ್ಲಿಸೋಣ. ನಡುವೆ ಬೇರೆ ಮೇಲ್ ಬೇಡ. ಇದೇ ಮೇಲ್‌ನ ಕೆಳಗೆ ಒಂದು ಪ್ರಶ್ನೆ ಇಡುತ್ತೇನೆ: "ನಿಮ್ಮ ಮನೆಯಲ್ಲಿ ಅಷ್ಟಮಿ ಯಾವಾಗ?" ಎರಡು ಗುಂಡಿ, ಆಗಸ್ಟ್ ಅಥವಾ ಸೆಪ್ಟೆಂಬರ್. ಸೆಪ್ಟೆಂಬರ್ ಒತ್ತಿದವರಿಗೆ ಮಾತ್ರ 2ನೇ ತಾರೀಕು ಉಂಡೆ, ಚಕ್ಕುಲಿ, ಮೂಡೆ ಎಲೆಯ ಮೇಲ್ ಹೋಗುತ್ತದೆ. ಅವರಿಗೆ ಒಂದೇ ಮೇಲ್, "ಕೊನೇ ದಿನ" ಅನ್ನುವ ಮಾತಿಲ್ಲದೆ.

ಮೂಡೆ ಎಲೆ ಎಷ್ಟು ತರಿಸಬಹುದು ಅಂತ ಅಣ್ಣ ಊರಿಗೆ ಫೋನ್ ಮಾಡಿ ಕೇಳಿ ತಿಳಿಸಿ. ನಾಳೆಯ ಮೇಲ್ ಬೆಳಿಗ್ಗೆ ಹತ್ತಕ್ಕೆ ಹೋಗಬೇಕು, ಅದಕ್ಕೆ ಇವತ್ತು ರಾತ್ರಿಯೊಳಗೆ ನಿಮ್ಮಿಬ್ಬರ ಒಪ್ಪಿಗೆ ಬೇಕು.

ನಿಮ್ಮ ತಂಗಿ,
ಡೊಂಬಿವಲಿಯಿಂದ, ಸೋಮವಾರ 18 ಆಗಸ್ಟ್