ಮರ ಎಲ್ಲಿಂದ ಬಂತು?

(ಸೋಮವಾರದ ಬೆಳಗಿನ ಸಭೆಗೆ. ಮಾತನಾಡುವವರು ವಿಜ್ಞಾನ ಶಿಕ್ಷಕಿ. ಕೈಯಲ್ಲಿ ಇರಬೇಕಾದದ್ದು: ಒಂದು ಒಣ ಕಟ್ಟಿಗೆ ತುಂಡು, ಒಂದು ಹಸಿರು ಎಲೆ. ಏಳನೇ ತರಗತಿಯ ಏಳು ಮಕ್ಕಳು ಮುಂದಿನ ಸಾಲಿನ ಬಲಗಡೆ ತಯಾರಾಗಿ ನಿಂತಿರಬೇಕು. ಅವರಲ್ಲಿ ಒಬ್ಬಳ ಹೆಗಲ ಮೇಲೆ ಹಳದಿ ಬಟ್ಟೆ. ಕಟ್ಟಿಗೆ ಬೆನ್ನ ಹಿಂದೆ ಇರಲಿ.)

ಎಲ್ಲರಿಗೂ ನಮಸ್ಕಾರ. ಕೂತ್ಕೊಳ್ಳಿ ಮಕ್ಕಳೇ.

ಬಿಸಿಲು ಮುಖಕ್ಕೆ ಹೊಡೀತಾ ಇದೆ ಅಲ್ವಾ? ಇವತ್ತು ಅದೇ ಬಿಸಿಲಿನ ಕಥೆ. ಈ ಬೆಳಕು ಸೂರ್ಯನಿಂದ ಹೊರಟು ಸುಮಾರು 8 ನಿಮಿಷ 20 ಸೆಕೆಂಡ್ ಆಗಿದೆ. ನೀವಿನ್ನೂ ಸಾಲು ಸರಿ ಮಾಡಿಕೊಳ್ಳುತ್ತಾ ತಳ್ಳಾಡುತ್ತಿದ್ದಾಗಲೇ ಅದು ಅಲ್ಲಿಂದ ಹೊರಟಿತ್ತು. ಈ ಲೆಕ್ಕ ನೆನಪಿಟ್ಟುಕೊಳ್ಳಿ, ಕೊನೆಗೆ ಬೇಕಾಗುತ್ತದೆ.

(ಕಟ್ಟಿಗೆ ಎತ್ತಿ ತೋರಿಸುವುದು.)

ಇದೇನು? ಹೌದು, ಕಟ್ಟಿಗೆ. ಒಂದು ಪುಟಾಣಿ ಬೀಜದಿಂದ ದೊಡ್ಡ ಮರ ಆಯಿತು, ಆ ಮರದ ಒಂದು ತುಂಡು ಇದು. ಬೀಜ ಅಂಗೈಯಲ್ಲಿ ಹಿಡಿಸುತ್ತದೆ. ಮರವನ್ನು ಹತ್ತು ಜನ ಸೇರಿದರೂ ಎತ್ತೋಕೆ ಆಗಲ್ಲ. ಹಾಗಾದರೆ ನಡುವೆ ಸೇರಿಕೊಂಡ ಇಷ್ಟೊಂದು ತೂಕ ಎಲ್ಲಿಂದ ಬಂತು? ಕೈ ಎತ್ತಬೇಡಿ, ಎಲ್ಲರೂ ಒಟ್ಟಿಗೆ ಕೂಗಿ ಹೇಳಿ.

(ಕಾಯುವುದು. ಹೆಚ್ಚಿನವರು "ಮಣ್ಣಿಂದ" ಅನ್ನುತ್ತಾರೆ.)

ಮಣ್ಣಿಂದ! ನಾನೂ ನಿಮ್ಮ ವಯಸ್ಸಿನಲ್ಲಿ ಇದನ್ನೇ ಹೇಳುತ್ತಿದ್ದೆ. ಗಿಡ ಬೇರಿನಿಂದ ಮಣ್ಣು ತಿನ್ನುತ್ತದೆ, ದಪ್ಪ ಆಗುತ್ತದೆ ಅಂದುಕೊಂಡಿದ್ದೆ. ಆದರೆ ಸ್ವಲ್ಪ ಯೋಚನೆ ಮಾಡಿ. ಮಣ್ಣು ತಿಂದೇ ಮರ ಬೆಳೆಯುವುದಾದರೆ ಪ್ರತಿ ಮರದ ಬುಡದಲ್ಲೂ ಒಂದು ದೊಡ್ಡ ಗುಂಡಿ ಇರಬೇಕಿತ್ತು. ಇದೆಯಾ? ಇಲ್ಲ.

ಸುಮಾರು 400 ವರ್ಷದ ಹಿಂದೆ ಬ್ರಸೆಲ್ಸ್ ಕಡೆಯ ವಾನ್ ಹೆಲ್ಮಾಂಟ್ ಎಂಬವರು ಇದನ್ನು ತೂಕ ಹಾಕಿಯೇ ನೋಡಿದರು. ದೊಡ್ಡ ಕುಂಡದಲ್ಲಿ ಸುಮಾರು 90 ಕೆ.ಜಿ. ಒಣ ಮಣ್ಣು. ಅದರಲ್ಲಿ ಎರಡು ಕೆ.ಜಿ.ಗಿಂತ ಸ್ವಲ್ಪ ಜಾಸ್ತಿ ತೂಕದ ಒಂದು ವಿಲ್ಲೋ ಸಸಿ. ಐದು ವರ್ಷ ಬರೀ ನೀರು ಹಾಕಿದರು. ಆಮೇಲೆ ಗಿಡ ಕಿತ್ತು ತೂಗಿದರೆ 75 ಕೆ.ಜಿ.ಗೂ ಮೇಲೆ! ಮಣ್ಣನ್ನು ಮತ್ತೆ ಒಣಗಿಸಿ ತೂಗಿದರೆ ಕಡಿಮೆ ಆಗಿದ್ದು ಎಷ್ಟು ಗೊತ್ತಾ? ಸುಮಾರು 60 ಗ್ರಾಂ. ಒಂದು ಮುಷ್ಟಿ ಮಣ್ಣೂ ಅಲ್ಲ.

"ಹಾಗಾದರೆ ಎಲ್ಲಾ ತೂಕವೂ ನೀರಿನಿಂದಲೇ ಬಂದದ್ದು" ಅಂದುಬಿಟ್ಟರು ಅವರು. ಅರ್ಧ ಸರಿ. ತಮಾಷೆ ಏನೆಂದರೆ, "ಗ್ಯಾಸ್" ಎಂಬ ಪದವನ್ನು ಜಗತ್ತಿಗೆ ಕೊಟ್ಟವರೇ ಅವರು. ಉತ್ತರ ಗ್ಯಾಸಿನಲ್ಲೇ ಇತ್ತು, ಅವರಿಗೇ ಹೊಳೆಯಲಿಲ್ಲ!

(ಕಟ್ಟಿಗೆಯನ್ನು ಇನ್ನೊಂದು ಕೈಯಿಂದ ಟಕಟಕ ಬಡಿಯುವುದು.)

ಈ ಗಟ್ಟಿ ಕಟ್ಟಿಗೆಯ ಬಹುಪಾಲು ಬಂದದ್ದು ಗಾಳಿಯಿಂದ. ನಿಜವಾಗಿಯೂ. ನಾವು ಉಸಿರು ಬಿಡುವಾಗ ಹೊರಗೆ ಹೋಗುತ್ತದಲ್ಲ, ಇಂಗಾಲದ ಡೈಆಕ್ಸೈಡ್, ಆ ಗಾಳಿಯಿಂದ. ಅದು ನಮ್ಮ ಸುತ್ತ ತುಂಬಾ ಏನೂ ಇಲ್ಲ. ಗಾಳಿಯ ಕಣಗಳನ್ನೆಲ್ಲ ಮಕ್ಕಳು ಅಂದುಕೊಳ್ಳಿ. 10,000 ಮಕ್ಕಳು ನಿಂತಿದ್ದರೆ ಅವರಲ್ಲಿ ಇಂಗಾಲದ ಡೈಆಕ್ಸೈಡ್ ಸುಮಾರು ನಾಲ್ಕೇ ಮಕ್ಕಳು. ಅಷ್ಟು ದೊಡ್ಡ ಗುಂಪಿನಲ್ಲಿ ಆ ನಾಲ್ವರನ್ನು ಹುಡುಕಿ ಹಿಡಿಯುವುದು ಯಾರು?

(ಎಲೆ ಎತ್ತಿ, ತಿರುಗಿಸಿ ಹಿಂಬದಿ ತೋರಿಸುವುದು.)

ಇದು. ಎಲೆ. ಇದರ ಕೆಳಬದಿಯಲ್ಲಿ ಕಣ್ಣಿಗೆ ಕಾಣದ ಪುಟ್ಟ ಪುಟ್ಟ ಬಾಗಿಲುಗಳಿವೆ. ಹೆಸರು ಪತ್ರರಂಧ್ರ. ಪೆನ್ಸಿಲ್ ಮೊನೆಯಿಂದ ಇಡುವ ಒಂದು ಚುಕ್ಕಿಯಷ್ಟು ಜಾಗದಲ್ಲೇ ನೂರಾರು ಇರಬಹುದು. ಪ್ರತಿ ಬಾಗಿಲಿಗೂ ಎರಡು ತುಟಿ. ಹೀಗೆ ತೆರೆಯುತ್ತದೆ, ಹೀಗೆ ಮುಚ್ಚುತ್ತದೆ. (ತುಟಿ ತೆರೆದು ಮುಚ್ಚಿ ತೋರಿಸುವುದು. ಮಕ್ಕಳೂ ಮಾಡುತ್ತಾರೆ, ನಗುತ್ತಾರೆ. ಮಾಡಲಿ.) ಬಾಗಿಲು ತೆರೆದರೆ ಗಾಳಿ ಒಳಗೆ ಬರುತ್ತದೆ, ಆದರೆ ಒಳಗಿನ ನೀರು ಆವಿಯಾಗಿ ಹೊರಗೆ ಓಡಿಹೋಗುತ್ತದೆ. ಅದಕ್ಕೇ ಸುಡು ಮಧ್ಯಾಹ್ನ ತುಂಬಾ ಗಿಡಗಳು ಬಾಗಿಲು ಮುಚ್ಚಿಕೊಂಡು ಸುಮ್ನೆ ಇರುತ್ತವೆ.

ಗಾಳಿ ಬಾಗಿಲಿನಿಂದ ಬಂತು. ನೀರು ಬೇರಿನಿಂದ ಹತ್ತಿ ಬಂತು. ಇವೆರಡನ್ನೂ ಸೇರಿಸಿದರೆ ಆಯಿತಾ? ಆಗಲ್ಲ. ಒಂದು ಲೋಟ ನೀರಿಗೆ ಎಷ್ಟು ಹೊತ್ತು ಉಸಿರು ಊದಿದರೂ ಅದು ಸಕ್ಕರೆ ಆಗಲ್ಲ. ಮನೆಗೆ ಹೋಗಿ ಬೇಕಾದರೆ ಊದಿ ನೋಡಿ. ಅಲ್ಲೊಂದು ಗಟ್ಟಿ ಹಿಡಿತ ಇದೆ, ಅದನ್ನು ಯಾರೋ ಬಿಡಿಸಬೇಕು. ಏಳನೇ ತರಗತಿಯವರು ಬನ್ನಿ.

(ಆರು ಮಕ್ಕಳು ಮೂರು ಮೂರು ಜನರ ಎರಡು ಗುಂಪಾಗಿ ನಿಲ್ಲುತ್ತಾರೆ. ಪ್ರತಿ ಗುಂಪಿನಲ್ಲಿ ನಡುವಿನವರು ಎರಡೂ ಕೈ ಚಾಚಿದ್ದಾರೆ. ಅಕ್ಕಪಕ್ಕದವರು ಒಂದು ಕೈ ಬೆನ್ನ ಹಿಂದೆ ಕಟ್ಟಿ, ಇನ್ನೊಂದು ಕೈಯಿಂದ ನಡುವಿನವರನ್ನು ಹಿಡಿದಿದ್ದಾರೆ.)

ನೋಡಿ, ಇವು ಎರಡು ನೀರಿನ ಕಣ. ನಡುವೆ ಇರುವವರು ಆಮ್ಲಜನಕ, ಅವರಿಗೆ ಎರಡು ಕೈ. ಪಕ್ಕದವರು ಹೈಡ್ರೋಜನ್, ಪಾಪ, ಅವರಿಗೆ ಒಂದೇ ಕೈ. ಎಷ್ಟು ಗಟ್ಟಿ ಹಿಡಿದಿದ್ದಾರೆ ನೋಡಿ! ಈಗ ಬಿಸಿಲು ಬರಲಿ.

(ಹಳದಿ ಬಟ್ಟೆಯ ಹುಡುಗಿ ಓಡಿ ಬಂದು ಹಿಡಿದ ಕೈಗಳನ್ನು ಒಂದೊಂದಾಗಿ ಬಿಡಿಸುತ್ತಾಳೆ. ಮೊದಲ ಎಳೆತಕ್ಕೇ ಯಾರೂ ಕೈ ಬಿಡಬಾರದು. ಕಷ್ಟಪಟ್ಟು ಬಿಡಿಸಿದ ಹಾಗೆ ಕಾಣಬೇಕು.)

ಕೈ ಬಿಟ್ಟಿತು! ಈಗ ಆಮ್ಲಜನಕದ ಇಬ್ಬರನ್ನೇ ನೋಡುತ್ತಿರಿ. ಇಬ್ಬರ ಎರಡೆರಡು ಕೈಯೂ ಖಾಲಿ. ಏನು ಮಾಡುತ್ತಾರೆ?

(ಇಬ್ಬರೂ ಎದುರುಬದುರು ನಿಂತು ಎರಡೂ ಕೈ ಹಿಡಿದುಕೊಂಡು, ಮಕ್ಕಳ ಸಾಲಿನ ನಡುವೆ ನಡೆದು ಹೋಗುತ್ತಾರೆ.)

ಎರಡೂ ಕೈ ಜೋಡಿಸಿಕೊಂಡು ಬಾಗಿಲಿನಿಂದ ಹೊರಗೆ ಹೊರಟೇಬಿಟ್ಟರು. ನಾವು ಉಸಿರಾಡುವ ಆಮ್ಲಜನಕ ಇದೇ. ಗಿಡ ನಮಗೋಸ್ಕರ ಮಾಡಿದ್ದಲ್ಲ ಇದು, ಅದರ ಕೆಲಸದಲ್ಲಿ ಮಿಕ್ಕಿದ್ದು! ಇದು ಇಂಗಾಲದ ಡೈಆಕ್ಸೈಡಿನಿಂದ ಬರುತ್ತದೆ ಅಂತ ದೊಡ್ಡವರೇ ಎಷ್ಟೋ ಜನ ಅಂದುಕೊಂಡಿದ್ದಾರೆ. ಅಲ್ಲ, ಬರುವುದು ನೀರಿನಿಂದ. ಮನೆಯಲ್ಲಿ ಕೇಳಿ ನೋಡಿ, ಯಾರು ಸರಿ ಹೇಳುತ್ತಾರೆ ಅಂತ.

ಈ ನಾಲ್ಕು ಒಂಟಿ ಕೈಯವರು ಇಲ್ಲೇ ಉಳಿದರು. ಇವರನ್ನು ಎಲೆ ಬಿಡಲ್ಲ. ಬಿಸಿಲು ಕೊಟ್ಟ ಶಕ್ತಿಯ ಜೊತೆಗೆ ಇವರನ್ನು ಒಳಗೆ ಕರೆದುಕೊಂಡು ಹೋಗಿ ಇಂಗಾಲದ ಡೈಆಕ್ಸೈಡಿಗೆ ಜೋಡಿಸುತ್ತದೆ. ಅಂಥ ಆರು ಇಂಗಾಲ ಸೇರಿ ಒಂದು ಸಕ್ಕರೆ ಕಣ, ಗ್ಲೂಕೋಸ್. ದೊಡ್ಡ ತರಗತಿಯವರಿಗೆ ಬೋರ್ಡಿನ ಮೇಲೆ ಬರೆದಿದ್ದೇನೆ:

6CO₂ + 6H₂O → C₆H₁₂O₆ + 6O₂

ಸಣ್ಣವರು ಅದನ್ನು ನೋಡಿ ಹೆದರಬೇಡಿ. ನೀವು ಈಗ ನೋಡಿದ ಆಟವನ್ನೇ ಅಕ್ಷರದಲ್ಲಿ ಬರೆದದ್ದು ಅಷ್ಟೇ. ಇದರ ಹೆಸರು ದ್ಯುತಿಸಂಶ್ಲೇಷಣೆ. ದ್ಯುತಿ ಅಂದರೆ ಬೆಳಕು, ಸಂಶ್ಲೇಷಣೆ ಅಂದರೆ ಜೋಡಿಸುವುದು. ಬೆಳಕಿನಿಂದ ಜೋಡಿಸುವುದು. ಒಂದು ಸಲ ಎಲ್ಲರೂ ಹೇಳಿ, ನಾಲಿಗೆ ತೊಡರಿದರೂ ಪರವಾಗಿಲ್ಲ.

(ಎಲ್ಲರೂ ಹೇಳಲಿ. ಆಟವಾಡಿದ ಮಕ್ಕಳಿಗೆ ಚಪ್ಪಾಳೆ. ಅವರು ಸಾಲಿಗೆ ಹೋಗುತ್ತಾರೆ.)

ಎಲೆ ಹಸಿರು ಯಾಕೆ? ಬಿಸಿಲು ಬಿಳಿ ಕಂಡರೂ ಅದರೊಳಗೆ ಎಲ್ಲಾ ಬಣ್ಣವೂ ಇದೆ. ಸೂರ್ಯ ಎಲೆಯ ಕಡೆಗೆ ಬಣ್ಣಬಣ್ಣದ ಚೆಂಡು ಎಸೆಯುತ್ತಿದ್ದಾನೆ ಅಂದುಕೊಳ್ಳಿ. ಎಲೆಯೊಳಗೆ ಪತ್ರಹರಿತ್ತು ಅಂತ ಒಂದು ವಸ್ತು ಇದೆ, ಚೆಂಡು ಹಿಡಿಯುವುದು ಅದರ ಕೆಲಸ. ಕೆಂಪು ಚೆಂಡು, ನೀಲಿ ಚೆಂಡು ಬಂದರೆ ಗಬಕ್ಕನೆ ಹಿಡಿಯುತ್ತದೆ. ಹಸಿರು ಚೆಂಡನ್ನು ಅಷ್ಟಾಗಿ ಹಿಡಿಯಲ್ಲ, ಒಂದಷ್ಟು ಪುಟಿದು ವಾಪಸ್ ಬರುತ್ತವೆ. ಆ ಪುಟಿದ ಚೆಂಡು ನಮ್ಮ ಕಣ್ಣಿಗೆ ಬೀಳುತ್ತದೆ. ಅಂದರೆ ಎಲೆ ಯಾವ ಬಣ್ಣವನ್ನು ಅಷ್ಟಾಗಿ ಬಳಸುವುದಿಲ್ಲವೋ ಅದೇ ನಮಗೆ ಕಾಣುವ ಬಣ್ಣ. ಇದು ನನಗೆ ಈಗಲೂ ವಿಚಿತ್ರ ಅನಿಸುತ್ತದೆ.

ಮಾಡಿದ ಸಕ್ಕರೆಯನ್ನು ಗಿಡ ಏನು ಮಾಡುತ್ತದೆ? ಸ್ವಲ್ಪ ತಕ್ಷಣ ತಾನೇ ಬಳಸುತ್ತದೆ. ಗಿಡವೂ ನಮ್ಮ ಹಾಗೆ ಹಗಲು ರಾತ್ರಿ ಉಸಿರಾಡುತ್ತದೆ, ಅದಕ್ಕೂ ಶಕ್ತಿ ಬೇಕು. ಸ್ವಲ್ಪವನ್ನು ಪಿಷ್ಟ ಮಾಡಿ ಕಾಳಿನಲ್ಲಿ, ಗೆಡ್ಡೆಯಲ್ಲಿ ಕೂಡಿಡುತ್ತದೆ. ಇನ್ನುಳಿದದ್ದನ್ನು ಸರಪಳಿ ಥರ ಉದ್ದಕ್ಕೆ ಪೋಣಿಸಿ ಪೋಣಿಸಿ ಗಟ್ಟಿ ನಾರು ಮಾಡುತ್ತದೆ. ಆ ನಾರೇ... (ಕಟ್ಟಿಗೆ ಎತ್ತುವುದು) ಇದು.

ಸಕ್ಕರೆ ಅಂದರೆ ಬಿಸಿಲಿನಿಂದ ಚಾರ್ಜ್ ಆದ ಬ್ಯಾಟರಿ ಇದ್ದ ಹಾಗೆ. ಕಟ್ಟಿಗೆಯೂ ಹಾಗೇ. ಇದಕ್ಕೆ ಬೆಂಕಿ ಹಚ್ಚಿದರೆ ಬೆಳಕು ಬರುತ್ತದೆ, ಬಿಸಿ ಬರುತ್ತದೆ ಅಲ್ವಾ? ಅದು ಯಾವುದೋ ಹಳೇ ವರ್ಷದ ಬಿಸಿಲು, ಇಷ್ಟು ದಿನ ಒಳಗೆ ಕೂತಿದ್ದು ಹೊರಗೆ ಬಂತು. ಬೆಳಿಗ್ಗೆ ತಿಂಡಿ ತಿಂದು ಬಂದಿದ್ದೀರಲ್ಲ, ಅದರೊಳಗೂ ಅದೇ ಇತ್ತು. ಹಾಲು ಕುಡಿದೆ ಅನ್ನುವವರಿದ್ದರೆ, ಹಾಲು ಕೊಟ್ಟ ಹಸು ತಿಂದದ್ದು ಹುಲ್ಲು. ಆಗ "ಮಣ್ಣಿಂದ" ಅಂತ ಅಷ್ಟು ಜೋರಾಗಿ ಕೂಗಿದಿರಲ್ಲ, ಆ ಕೂಗಿಗೆ ಶಕ್ತಿ ಕೊಟ್ಟದ್ದೂ ಬಿಸಿಲೇ!

(ಗಡಿಯಾರ ನೋಡುವುದು.)

ನನ್ನ ಐದು ನಿಮಿಷ ಮುಗಿಯಿತು. ಆ 8 ನಿಮಿಷ 20 ಸೆಕೆಂಡ್ ಲೆಕ್ಕ ನೆನಪಿದೆಯಾ? ನಾನು ನಮಸ್ಕಾರ ಅಂದಾಗ ಸೂರ್ಯನಿಂದ ಹೊರಟ ಬೆಳಕು ಇನ್ನೂ ಇಲ್ಲಿಗೆ ಬಂದಿಲ್ಲ, ದಾರಿಯಲ್ಲಿದೆ. ನೀವು ಸಾಲಾಗಿ ತರಗತಿಗೆ ಹೋಗಿ, ಬ್ಯಾಗ್ ಇಟ್ಟು, ಪುಸ್ತಕ ತೆಗೆಯುವ ಹೊತ್ತಿಗೆ ಬರುತ್ತದೆ. ಕಿಟಕಿ ಪಕ್ಕ ಕೂರುವವರು ಹೊರಗಿನ ಗಿಡದ ಕಡೆ ಒಂದು ಸಲ ನೋಡಿ. ಅಷ್ಟೊತ್ತಿಗೆ ಯಾವುದೋ ಎಲೆ ಅದನ್ನು ಹಿಡಿದಿರುತ್ತದೆ.

ಒಂದನೇ ತರಗತಿಯವರು ಮೊದಲು ಏಳಿ. ತಳ್ಳಾಡಬೇಡಿ.